ಇಂಪಲ್ಸ್ ಹತ್ರ ಕೇಳ್ಬೇಕಾದ ಮೊದಲ್ನೇ ಪ್ರಶ್ನೆ: ಎಲ್ಲಿ ನಿಂತಿದೀಯಪ್ಪಾ?

ಹೋದ ವಾರ ರಾತ್ರಿ ಹತ್ತೂವರೆಗೆ ಅಕ್ಕನ ಮಗ ವಾಟ್ಸಾಪಲ್ಲಿ ಒಂದು ಫೋಟೋ ಕಳಿಸಿದ. ನೋಟ್ಬುಕ್ ಪುಟ, ಮೇಲೆ ಕೆಂಪು ಪೆನ್ನಲ್ಲಿ ಒಂದು ದೊಡ್ಡ ಸೊನ್ನೆ ಸುತ್ತಿದಾರೆ. ಲೆಕ್ಕ ಇದು:

∫₋₁¹ (t² + 1) δ(t − 2) dt

ಅವನು 5 ಅಂತ ಬರ್ದಿದಾನೆ. ಸರಿ ಉತ್ತರ 0. ಕೆಳಗೆ ಅವನ ಮೆಸೇಜು: "ಮಾಮ, ಇಂಪಲ್ಸ್ t = 2ರಲ್ಲಿದೆ, t = 2 ಹಾಕಿದ್ರೆ 4 ಪ್ಲಸ್ 1 ಐದು. ಫಾರ್ಮುಲಾ ಅದೇ ತಾನೇ? ಸೊನ್ನೆ ಹೆಂಗೆ?"

ಫಾರ್ಮುಲಾ ಅದೇ ಕಣೋ, ಆದ್ರೆ ನೀನು ಅದನ್ನ ಬಾಯಿಪಾಠ ಮಾಡಿದೀಯ, ಅದು ಏನು ಕೆಲಸ ಮಾಡ್ತಿದೆ ಅಂತ ನೋಡಿಲ್ಲ ಅಂದೆ. ಆಮೇಲೆ ಫೋನಲ್ಲಿ ಮುಕ್ಕಾಲು ಗಂಟೆ ಮಾತಾಡಿದ್ದನ್ನೇ ಇಲ್ಲಿ ಬರೀತಿದೀನಿ, ಯಾಕಂದ್ರೆ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಓದೋ ಹುಡುಗ್ರಲ್ಲಿ ಈ ತಪ್ಪು ಮಾಡದೇ ಇರೋರನ್ನ ನಾನಂತೂ ಕಂಡಿಲ್ಲ, ನಾನೂ ಮಾಡಿದೀನಿ.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. ಅವನ ನೋಟ್ಸಲ್ಲಿ ಹೆಡ್ಡಿಂಗೇ "ಶಿಫ್ಟಿಂಗ್ ಪ್ರಾಪರ್ಟಿ" ಅಂತಿತ್ತು. ಕ್ಲಾಸಲ್ಲಿ ಹಿಂದಿನ ಬೆಂಚಿಗೆ ಹಾಗೇ ಕೇಳ್ಸತ್ತೆ, ಜೊತೆಗೆ t − 2 ಅಂತ ಶಿಫ್ಟ್ ಕೂಡ ಕಣ್ಣಿಗೆ ಕಾಣತ್ತಲ್ಲ, ಹಾಗಾಗಿ ಯಾರಿಗೂ ಅನುಮಾನ ಬರಲ್ಲ. ಅದು ಸಿಫ್ಟಿಂಗ್. ಹಿಟ್ಟು ಜರಡಿ ಹಿಡೀತಾರಲ್ಲ, ಆ ಸಿಫ್ಟಿಂಗ್. x(t) ಅನ್ನೋ ಇಡೀ ಸಿಗ್ನಲ್ಲನ್ನ, ಅಂದ್ರೆ ಎಲ್ಲಾ ಟೈಮಲ್ಲಿರೋ ಎಲ್ಲಾ ವ್ಯಾಲ್ಯೂಗಳನ್ನ, ಇಂಟಿಗ್ರಲ್ ಒಳಗೆ ಸುರೀತೀವಿ, ಇಂಪಲ್ಸು ಅದ್ರಲ್ಲಿ ಒಂದೇ ಒಂದು ವ್ಯಾಲ್ಯೂ ಮಾತ್ರ ಕೆಳಗೆ ಬೀಳೋಕೆ ಬಿಡತ್ತೆ:

∫ x(t) δ(t − t₀) dt = x(t₀)

ಇಲ್ಲಿ ಇಂಟಿಗ್ರಲ್ಲು ಮೈನಸ್ ಇನ್ಫಿನಿಟಿಯಿಂದ ಪ್ಲಸ್ ಇನ್ಫಿನಿಟಿವರೆಗೆ ಅಂತ ಇಟ್ಕೊಳ್ಳಿ. ಜರಡೀಲಿ ಒಂದೇ ಒಂದು ತೂತು, ಅದು t₀ ಹತ್ರ.

ಇದು ಯಾಕೆ ನಿಜ ಅನ್ನೋದಕ್ಕೆ ಟೆಕ್ಸ್ಟ್‌ಬುಕ್ಕಲ್ಲಿ ಸಾಮಾನ್ಯವಾಗಿ ಎರಡು ಲೈನು ಇರತ್ತೆ. "δ(t) ಅನ್ನೋದು t = 0 ಬಿಟ್ಟು ಎಲ್ಲಾ ಕಡೆ ಸೊನ್ನೆ, t = 0ರಲ್ಲಿ ಇನ್ಫಿನಿಟಿ, ಏರಿಯಾ 1." ಇದನ್ನ ಓದಿದ ತಕ್ಷಣ ಹುಡುಗ್ರ ತಲೇಲಿ ಕೂರೋದು ಇನ್ಫಿನಿಟಿ ಅನ್ನೋ ಪದ, ಕೂರ್ಬೇಕಾಗಿದ್ದು ಏರಿಯಾ 1 ಅನ್ನೋದು. ಇನ್ಫಿನಿಟಿ ಅಂತ ಮಾತ್ರ ಹೇಳಿದ್ರೆ ಏನೂ ಹೇಳಿದ ಹಾಗಾಗಲ್ಲ, ಯಾಕಂದ್ರೆ 3δ(t) ಕೂಡ t = 0ರಲ್ಲಿ ಇನ್ಫಿನಿಟೀನೇ, ಎತ್ತರ ನೋಡಿ ಎರಡಕ್ಕೂ ವ್ಯತ್ಯಾಸ ಹೇಳೋಕಾಗತ್ತಾ? ಏರಿಯಾ ನೋಡಿದ್ರೆ ಒಂದು 1, ಇನ್ನೊಂದು 3.

ಹಾಗಾಗಿ ಇನ್ಫಿನಿಟೀನ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಒಂದು ಸಾಧಾರಣ ಪಲ್ಸ್ ತಗೊಳ್ಳಿ, ಚೌಕಾಕಾರದ್ದು, ಅಗಲ ε, ಎತ್ತರ 1/ε. ಅಗಲ ಇಂಟು ಎತ್ತರ ಯಾವಾಗ್ಲೂ 1. ಇದನ್ನ t = 2ರ ಮೇಲೆ ಸರಿಯಾಗಿ ನಡುವೆ ಬರೋ ಹಾಗೆ ನಿಲ್ಸಿ, x(t) = t² + 1 ಜೊತೆ ಗುಣಿಸಿ, ಇಂಟಿಗ್ರೇಟ್ ಮಾಡಿ. ಪಲ್ಸ್ ಇಲ್ಲದ ಕಡೆ ಎಲ್ಲಾ ಸೊನ್ನೆ, ಪಲ್ಸ್ ಇರೋ ಕಡೆ x(t)ನ ಏರಿಯಾ ತಗೊಂಡು ಅದನ್ನ ε ಇಂದ ಭಾಗಿಸಿದ ಹಾಗೆ. ಏರಿಯಾನ ಅಗಲದಿಂದ ಭಾಗಿಸಿದ್ರೆ ಏನು ಸಿಗತ್ತೆ? ಸರಾಸರಿ. ಇಷ್ಟೇ ಗುಟ್ಟು. ಪಲ್ಸ್ ಮಾಡ್ತಿರೋ ಕೆಲಸ ಏನಂದ್ರೆ ತನ್ನ ಕಿಟಕಿ ಒಳಗೆ ಕಾಣೋ x(t)ನ ಸರಾಸರಿ ಹೇಳೋದು, ಬೇರೇನಲ್ಲ.

ε = 1 ಅಂದ್ರೆ ಕಿಟಕಿ 1.5ರಿಂದ 2.5ರವರೆಗೆ. ಅಷ್ಟರಲ್ಲಿ t² + 1ರ ಸರಾಸರಿ 5.0833. ε = 0.1 ಮಾಡಿ, 5.00083. ಜನರಲ್ಲಾಗಿ ಮಾಡಿ ನೋಡಿದ್ರೆ 5 + ε²/12 ಬರತ್ತೆ, ಕಾಗದದ ಮೇಲೆ ಒಂದ್ಸಲ ಮಾಡಿ, ಎರಡು ನಿಮಿಷದ ಕೆಲಸ. ಕಿಟಕಿ ಕಿರಿದಾದಷ್ಟೂ ಒಳಗೆ x(t) ಬದಲಾಗೋಕೆ ಜಾಗಾನೇ ಇರಲ್ಲ, ಸರಾಸರಿ ಅನ್ನೋದು x(2)ಗೇ ಬಂದು ಕೂರತ್ತೆ. ಅದೇ 5.

ಪಲ್ಸನ್ನ ನಡುವೆ ನಿಲ್ಸದೆ 2ರಿಂದ ಬಲಕ್ಕೆ ಶುರು ಮಾಡಿದ್ರೆ? ಆಗ 5 + 2ε + ε²/3. ε = 0.1ಕ್ಕೆ 5.2033, 0.01ಕ್ಕೆ 5.02003. ಸ್ವಲ್ಪ ನಿಧಾನಕ್ಕೆ ಬರತ್ತೆ, ಆದ್ರೆ ಬರೋದು ಅದೇ 5ಕ್ಕೆ. ತ್ರಿಕೋನ ಪಲ್ಸ್ ತಗೊಳ್ಳಿ, ಗೌಸಿಯನ್ ತಗೊಳ್ಳಿ, ಏರಿಯಾ 1 ಇದ್ದು ಒಂದೇ ಕಡೆ ಕುಗ್ಗುತ್ತಾ ಹೋದ್ರೆ ಸಾಕು. ಈ ನಡುವೆ ನಿಲ್ಸೋದು, ಪಕ್ಕಕ್ಕೆ ನಿಲ್ಸೋದು ಅನ್ನೋ ವ್ಯತ್ಯಾಸ ನೆನಪಿಟ್ಕೊಂಡಿರಿ, ಕೊನೇಲಿ ಒಂದು ಸರ್ಕ್ಯೂಟಲ್ಲಿ ಮತ್ತೆ ಎದುರಾಗತ್ತೆ.

ಈಗ ಅಕ್ಕನ ಮಗನ ಸೊನ್ನೆಗೆ ಬರೋಣ. ಕಿಟಕಿ t = 2ರಲ್ಲಿದೆ. ಇಂಟಿಗ್ರೇಷನ್ ಮಾಡ್ತಿರೋದು −1ರಿಂದ 1ರವರೆಗೆ. ಆ ಜಾಗದಲ್ಲಿ ಪಲ್ಸೇ ಇಲ್ಲ, ಎಲ್ಲಾ ಕಡೆ ಸೊನ್ನೆ ಇಂಟು ಏನೋ ಒಂದು. ಮೈಸೂರಲ್ಲಿ ನಿಂತಿರೋ ಮನುಷ್ಯನ್ನ ಮಂಡ್ಯದ ಬೀದಿಬೀದೀಲಿ ಹುಡುಕಿದ್ರೆ ಎಲ್ಲಿ ಸಿಗ್ತಾನೆ? ಅದಕ್ಕೇ ನಾನು ಹೇಳೋದು, ಇಂಟಿಗ್ರಲ್ ಒಳಗೆ δ ಕಂಡ ತಕ್ಷಣ x(t)ಗೆ ನಂಬರ್ ಹಾಕೋಕೆ ಓಡ್ಬೇಡಿ, ಮೊದಲು δ ಬ್ರಾಕೆಟ್ ಒಳಗಿರೋದನ್ನ ಸೊನ್ನೆಗೆ ಸಮ ಮಾಡಿ ಅದು ಎಲ್ಲಿ ನಿಂತಿದೆ ಅಂತ ಕಂಡ್ಕೊಳ್ಳಿ, ಆಮೇಲೆ ಆ ಜಾಗ ಲಿಮಿಟ್ಸ್ ಒಳಗಿದ್ಯಾ ನೋಡಿ, ಇಲ್ಲಾಂದ್ರೆ ಉತ್ತರ 0, ಕೆಲಸ ಮುಗೀತು, x(t) ಎಂಥಾ ಭಯಂಕರ ಫಂಕ್ಷನ್ ಆಗಿದ್ರೂ ಅದರ ಕಡೆ ತಿರುಗಿ ಕೂಡ ನೋಡ್ಬೇಕಾಗಿಲ್ಲ. ಎಕ್ಸಾಮಲ್ಲಿ ಬೇಕಂತಲೇ e, cos, ಲಾಗ್ ಎಲ್ಲಾ ಸೇರ್ಸಿ ಒಂದು ದೊಡ್ಡ ಎಕ್ಸ್‌ಪ್ರೆಷನ್ ಕೊಟ್ಟು ಇಂಪಲ್ಸನ್ನ ಲಿಮಿಟ್ ಆಚೆ ನಿಲ್ಸಿರ್ತಾರೆ, ಸೆಟ್ ಮಾಡೋರಿಗೆ ಅದೊಂದು ಖುಷಿ.

"ಸರಿ, ಲಿಮಿಟ್ ಮೇಲೇ ನಿಂತಿದ್ರೆ? 0ರಿಂದ ಇನ್ಫಿನಿಟಿ, ಒಳಗೆ δ(t)?" ಅಂದ ಹುಡುಗ. ಒಳ್ಳೇ ಪ್ರಶ್ನೆ. ನಮ್ಮ ಪಲ್ಸ್ ಹಾಕಿ ನೋಡಿದ್ರೇ ಗೊತ್ತಾಗತ್ತೆ. ನಡುವೆ ನಿಲ್ಸಿದ ಪಲ್ಸಾದ್ರೆ ಅರ್ಧ ಬಾಗಿಲ ಒಳಗೆ, ಅರ್ಧ ಆಚೆ, ಆಗ x(0)ನ ಅರ್ಧ ಬರತ್ತೆ. ಬಲಕ್ಕೆ ನಿಲ್ಸಿದ್ರೆ ಪೂರ್ತಿ x(0). ಎಡಕ್ಕೆ ನಿಲ್ಸಿದ್ರೆ ಸೊನ್ನೆ. ಮೂರು ಪಲ್ಸು, ಮೂರು ಉತ್ತರ, ಅಂದ್ರೆ ಪ್ರಶ್ನೇನೇ ಸರಿಯಾಗಿ ಕೇಳಿಲ್ಲ ಅಂತರ್ಥ. ಅದಕ್ಕೇ ಲಾಪ್ಲಾಸ್ ಟ್ರಾನ್ಸ್‌ಫಾರ್ಮಲ್ಲಿ ಕೆಳಗಿನ ಲಿಮಿಟ್ಟನ್ನ 0⁻ ಅಂತ ಬರೆಯೋದು, ಸೊನ್ನೆಗಿಂತ ಕೂದಲೆಳೆಯಷ್ಟು ಹಿಂದಿಂದ ಶುರು ಮಾಡ್ತೀವಿ, ಇಂಪಲ್ಸು ಪೂರ್ತಿ ಒಳಗೇ ಇರತ್ತೆ, δ(t)ಯ ಟ್ರಾನ್ಸ್‌ಫಾರ್ಮ್ 1 ಅಂತ ಬರೋದು ಆ ಚಿಕ್ಕ ಮೈನಸ್ ಚಿಹ್ನೆ ಇರೋದ್ರಿಂದ. ಬೋರ್ಡ್ ಮೇಲೆ ಅದನ್ನ ಬರೆಯೋದು ಮರೀತಾರೆ, ನಾವೂ ಅದನ್ನ ಧೂಳು ಅನ್ಕೊಂಡು ಬಿಟ್ಬಿಡ್ತೀವಿ.

ಇದೇ ಥರ ಇನ್ನೊಂದು ಕಡೇನೂ ಕೈ ಕೊಡತ್ತೆ. x(t) ಆ ಜಾಗದಲ್ಲಿ ಜಿಗಿದ್ರೆ, ಅಂದ್ರೆ ಕಂಟಿನ್ಯುಯಸ್ ಆಗಿಲ್ದಿದ್ರೆ, ಸಿಫ್ಟಿಂಗ್ ಕೆಲಸ ಮಾಡಲ್ಲ. u(t)δ(t) ಅಂತ ಇಂಟಿಗ್ರಲ್ ಒಳಗೆ ಬಂತು ಅನ್ಕೊಳ್ಳಿ, u(t) ಯುನಿಟ್ ಸ್ಟೆಪ್ಪು, ಸರಿಯಾಗಿ ಸೊನ್ನೇಲಿ 0ಯಿಂದ 1ಕ್ಕೆ ಜಿಗಿಯತ್ತೆ. ನಡುವೆ ನಿಲ್ಸಿದ ಕಿಟಕಿ ಎಷ್ಟು ಕಿರಿದು ಮಾಡಿದ್ರೂ ಒಳಗೆ ಅರ್ಧ 0, ಅರ್ಧ 1 ಹಾಗೇ ಇರತ್ತೆ, ಸರಾಸರಿ ಪಲ್ಸ್ ಎಲ್ಲಿ ನಿಂತಿದೆ ಅನ್ನೋದರ ಮೇಲೆ 0, ಅರ್ಧ, 1 ಯಾವ್ದು ಬೇಕಾದ್ರೂ ಆಗ್ಬಹುದು. "ಅರ್ಧ ಅಂತ ಬರ್ದುಬಿಡು" ಅನ್ನೋರಿದಾರೆ, ಅದು ಒಪ್ಪಂದ ಅಷ್ಟೇ, ಸಿಫ್ಟಿಂಗ್ ಇಂದ ಬಂದಿದ್ದಲ್ಲ.

ಇನ್ನೊಂದು ಸಣ್ಣ ಗೊಂದಲ, ಆದ್ರೆ ಮಾರ್ಕ್ಸ್ ಕಳೆಯೋದು ಇದೇ. x(t)δ(t − 2) = x(2)δ(t − 2) ಅಂತ ಒಂದಿದೆ, ಇಂಟಿಗ್ರಲ್ ಇಲ್ದೇ ಬರೀ ಗುಣಾಕಾರ. ಇದರ ಉತ್ತರ ಇನ್ನೂ ಒಂದು ಇಂಪಲ್ಸೇ, ಏರಿಯಾ ಮಾತ್ರ 1 ಹೋಗಿ x(2) ಆಯ್ತು. ಇಂಟಿಗ್ರೇಟ್ ಮಾಡಿದ ಮೇಲೇ ಅದು ನಂಬರ್ ಆಗೋದು. ಹುಡುಗ್ರು (t² + 1)δ(t − 2) = 5 ಅಂತ ಬರೀತಾರೆ, ತಪ್ಪು, ಅದು 5δ(t − 2). ಗ್ರಾಫ್ ಹಾಕು ಅಂದ್ರೆ t = 2ರಲ್ಲಿ ಒಂದು ಬಾಣ ಬಿಡಿಸಿ ಪಕ್ಕದಲ್ಲಿ 5 ಅಂತ ಬರೀಬೇಕು, ಅಡ್ಡಗೆರೆ ಎಳೆದ್ರೆ ಹೋಯ್ತು. ಇಂಪಲ್ಸ್ ಆಚೆ ಸುಮ್ನೆ ನಿಂತಿದ್ರೆ ಬಾಣ, ಇಂಟಿಗ್ರಲ್ ಒಳಗೆ ಹೋಗಿ ಬಂದ್ರೆ ನಂಬರ್.

ಈಗ ಜಾಸ್ತಿ ಜನ ಬೀಳೋ ಹಳ್ಳ. ಅದೇ ಲೆಕ್ಕ, ಒಳಗೆ ಒಂದು 2 ಸೇರ್ಸಿ, ಲಿಮಿಟ್ಟನ್ನ ಎರಡೂ ಕಡೆ ಇನ್ಫಿನಿಟಿ ಮಾಡಿ:

∫ (t² + 1) δ(2t − 4) dt

ಕೆಲವರು t = 4 ಅಂತ ತಗೊಂಡು 17 ಬರೀತಾರೆ. ಬ್ರಾಕೆಟ್ಟನ್ನ ಸೊನ್ನೆಗೆ ಸಮ ಮಾಡೋ ಅಭ್ಯಾಸ ಇರೋರು t = 2 ಅಂತ ಸರಿಯಾಗೇ ಹಿಡಿದು 5 ಬರೀತಾರೆ. ಎರಡೂ ತಪ್ಪು. ಉತ್ತರ 2.5.

"ಇಂಪಲ್ಸ್ ಅಗಲಾನೇ ಸೊನ್ನೆ, ಅದನ್ನ ಕುಗ್ಸಿದ್ರೆ ಏನು ಬದಲಾಗತ್ತೆ ಮಾಮ" ಅಂದ. ತರ್ಕ ಚೆನ್ನಾಗೇ ಇದೆ. ಆದ್ರೆ ಮತ್ತೆ ಪಲ್ಸಿಗೆ ಹೋಗು. ನಮ್ಮ ಚೌಕಾಕಾರದ ಪಲ್ಸ್ ಯಾವಾಗ ಆನ್ ಆಗಿರತ್ತೆ? ಬ್ರಾಕೆಟ್ ಒಳಗಿರೋದು −ε/2 ಮತ್ತು ε/2 ನಡುವೆ ಇದ್ದಾಗ. 2t − 4 ಅಷ್ಟರ ಒಳಗಿರ್ಬೇಕು ಅಂದ್ರೆ t ಅನ್ನೋದು 2ರಿಂದ ಆ ಕಡೆ ಈ ಕಡೆ ε/4 ಮಾತ್ರ ಹೋಗ್ಬಹುದು. ಅಗಲ ε ಇದ್ದಿದ್ದು ε/2 ಆಯ್ತು. ಎತ್ತರ? ಅದು ಹಾಗೇ 1/ε, ಅದನ್ನ ಯಾರೂ ಮುಟ್ಟಿಲ್ಲ. ಏರಿಯಾ ಅರ್ಧ. ε ಎಷ್ಟೇ ಚಿಕ್ಕದಾದ್ರೂ ಅರ್ಧ ಅರ್ಧಾನೇ, ಆ ಅರ್ಧ ಕೊನೇವರೆಗೂ ಉಳ್ಕೊಳತ್ತೆ. ಅಂದ್ರೆ δ(2t − 4) ಅನ್ನೋದು ½δ(t − 2)ಗೆ ಸಮ, 5ರ ಅರ್ಧ 2.5. ಒಳಗೆ −2 ಇದ್ರೂ, ಅಂದ್ರೆ δ(4 − 2t) ಆದ್ರೂ ಅದೇ 2.5, ಯಾಕಂದ್ರೆ ಪಲ್ಸನ್ನ ಕನ್ನಡಿಯಲ್ಲಿ ತಿರುಗಿಸಿದ್ರೆ ಏರಿಯಾ ಮೈನಸ್ ಆಗಲ್ಲ. ಅದಕ್ಕೇ δ(at)ಯ ಫಾರ್ಮುಲಾದಲ್ಲಿ 1/|a| ಅಂತ ಆ ಎರಡು ಗೋಡೆ ಇರೋದು.

ಯುನಿಟ್ ನೋಡಿದ್ರೂ ಇದು ಹೊಳೆಯತ್ತೆ. dt ಸೆಕೆಂಡಲ್ಲಿದೆ, ∫δ(t)dt ಬರೀ 1, ಹಾಗಾದ್ರೆ δ(t)ಯ ಯುನಿಟ್ 1/ಸೆಕೆಂಡ್ ಇರ್ಲೇಬೇಕು. ಟೈಮನ್ನ ಹಿಗ್ಸಿ ಕುಗ್ಸಿದ್ರೆ ಅದು ಸುಮ್ನೆ ಇರೋ ಜಾತಿ ಅಲ್ಲ.

ಇದೇ ಏರಿಯಾ ವಿಷಯ ಲ್ಯಾಪ್‌ಟಾಪಲ್ಲಿ ಮಾಡಿ ನೋಡೋವಾಗ್ಲೂ ಕಾಡತ್ತೆ. ಪೈಥಾನಲ್ಲಿ ಒಂದು ಅರೇ ತುಂಬಾ ಸೊನ್ನೆ ಹಾಕಿ, ಒಂದು ಜಾಗದಲ್ಲಿ 1 ಇಟ್ಟು ಇದೇ ಇಂಪಲ್ಸು ಅಂತ ಇಂಟಿಗ್ರೇಟ್ ಮಾಡಿದ್ರೆ 5ರ ಬದಲು 0.005 ಬರತ್ತೆ. ಸರಿಯಾಗಿ ಮಾಡೋದು ಹೀಗೆ:

```python
import numpy as np
dt = 0.001
t = np.arange(0, 4, dt)
d = np.zeros_like(t)
d[2000] = 1/dt
print(np.sum((t**2 + 1) * d) * dt)
```

`d[2000]` ಅನ್ನೋದು t = 2 ಇರೋ ಜಾಗ. ಅಲ್ಲಿ ಅಗಲ dt, ಹಾಗಾಗಿ ಎತ್ತರ 1/dt ಇಡ್ಲೇಬೇಕು, ಆಗ 5 ಬರತ್ತೆ. 1 ಇಟ್ರೆ ಏರಿಯಾ 0.001 ಮಾತ್ರ, ಉತ್ತರಾನೂ ಸಾವಿರದಲ್ಲಿ ಒಂದು ಪಾಲು. ಉತ್ತರ dt ಬದಲಾಯಿಸಿದ ಹಾಗೆಲ್ಲಾ ಬದಲಾಗ್ತಿದ್ರೆ ಈ ತಪ್ಪು ಮಾಡಿದೀರ ಅಂತ ತಿಳ್ಕೊಳ್ಳಿ. ಡಿಸ್ಕ್ರೀಟ್ ಟೈಮಿನ δ[n] ಬೇರೆ ಪ್ರಾಣಿ, ಅದರ ಎತ್ತರ ನಿಜವಾಗ್ಲೂ 1, ಇಂಟಿಗ್ರಲ್ ಬದಲು ಸಮ್ಮೇಷನ್, ಅಲ್ಲಿ δ[2n] ಅಂದ್ರೂ δ[n]ನೇ, ಅರ್ಧ ಗಿರ್ಧ ಏನೂ ಇಲ್ಲ. ಎರಡನ್ನೂ ಒಂದೇ ವಾರದಲ್ಲಿ ಪಾಠ ಮಾಡ್ತಾರೆ, ಅಲ್ಲೇ ಕಲಸಿಹೋಗೋದು.

ಮಧ್ಯೆ ಒಂದು ಮಾತು. ಈ δ ಅನ್ನೋ ಹೆಸರು ಡಿರಾಕ್ ಅವರಿಂದ ಬಂದಿದ್ದು, ಕ್ವಾಂಟಮ್ ಮೆಕ್ಯಾನಿಕ್ಸಿನ ಡಿರಾಕ್. ಆ ಮನುಷ್ಯ ಮೊದಲು ಬ್ರಿಸ್ಟಲ್ಲಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದ್ದು, ನಮ್ಮ ಕಡೆಯವ್ರೇ ಅನ್ಬಹುದು. "ಇದು ಫಂಕ್ಷನ್ನೇ ಅಲ್ಲ" ಅಂತ ಗಣಿತದವ್ರು ತಕರಾರು ತೆಗೀತಿದ್ರು, ಅದು ಸರೀನೂ ಹೌದು, ಒಂದೇ ಪಾಯಿಂಟಲ್ಲಿ ಮಾತ್ರ ಸೊನ್ನೆ ಅಲ್ಲದ ಯಾವ ಮಾಮೂಲಿ ಫಂಕ್ಷನ್ನಿನ ಇಂಟಿಗ್ರಲ್ಲೂ 1 ಆಗೋಕೆ ಸಾಧ್ಯಾನೇ ಇಲ್ಲ. 1940ರ ದಶಕದಲ್ಲಿ ಲೋರಾಂ ಶ್ವಾರ್ಟ್ಸ್ ಅನ್ನೋ ಫ್ರೆಂಚ್ ಗಣಿತಜ್ಞ ಇದಕ್ಕೆ ಗಟ್ಟಿ ತಳಪಾಯ ಹಾಕಿದ್ರು, 1950ರಲ್ಲಿ ಫೀಲ್ಡ್ಸ್ ಮೆಡಲ್ ಕೂಡ ಬಂತು. ಅವರ ದಾರಿ ಏನು ಗೊತ್ತಾ? δ ಅಂದ್ರೆ ಎಲ್ಲಿ ಎಷ್ಟು ಎತ್ತರ ಅಂತ ಕೇಳೋದೇ ಬೇಡ, ಒಂದು ನುಣುಪಾದ x(t) ಕೊಟ್ರೆ x(0) ವಾಪಸ್ ಕೊಡೋ ಯಂತ್ರ ಅಂತ ತಿಳ್ಕೊಳ್ಳಿ ಅಂದ್ರು. ಅಂದ್ರೆ ನಾವು ಪ್ರಾಪರ್ಟಿ ಅಂತ ಬಾಯಿಪಾಠ ಮಾಡೋ ಈ ಸಿಫ್ಟಿಂಗೇ ಅಲ್ಲಿ δದ ಡೆಫಿನಿಷನ್ನು. ನನಗಂತೂ ಇದು ಗೊತ್ತಾದ್ಮೇಲೆ ಆ "t = 0ರಲ್ಲಿ ಇನ್ಫಿನಿಟಿ" ವಾಕ್ಯದ ಮೇಲಿದ್ದ ಸಿಟ್ಟು ಇನ್ನೂ ಜಾಸ್ತಿ ಆಯ್ತು.

ಈ ದೃಷ್ಟೀಲಿ ನೋಡಿದ್ರೆ δದ ಡೆರಿವೇಟಿವ್ ಕೂಡ ಅರ್ಥ ಆಗತ್ತೆ. δ′(t − 2) ಅಂದ್ರೆ ಪಲ್ಸ್ ಏರೋ ಕಡೆ ಒಂದು ಪ್ಲಸ್ ಇಂಪಲ್ಸ್, ಇಳಿಯೋ ಕಡೆ ಒಂದು ಮೈನಸ್ ಇಂಪಲ್ಸ್, ಎರಡೂ 1/ε ತೂಕದ್ದು. ಎರಡೂ ಸಿಫ್ಟ್ ಮಾಡಿ ತಂದಿದ್ದನ್ನ ಕೂಡಿದ್ರೆ 'ಮೊದಲಿನ ವ್ಯಾಲ್ಯೂ ಮೈನಸ್ ಆಮೇಲಿನ ವ್ಯಾಲ್ಯೂ', ಅದು ಭಾಗಿಸು ε, ಅಂದ್ರೆ −x′(2). ನಮ್ಮ t² + 1ಕ್ಕೆ −4. ಆ ಮೈನಸ್ ಎಲ್ಲಿಂದ ಬಂತು ಅಂತ ತಲೆ ಕೆಡಿಸ್ಕೊಳ್ಳೋರಿಗೆ ಇಷ್ಟು ಸಾಕು.

ಇನ್ನು ಇದೆಲ್ಲಾ ಯಾಕೆ ಬೇಕು ಅನ್ನೋದು ಒಂದೇ ಇಂಟಿಗ್ರಲ್ಲಲ್ಲಿದೆ:

x(t) = ∫ x(τ) δ(t − τ) dτ

ಇಲ್ಲಿ ಹುಡುಗ್ರು ಮೊದಲು ಎಡವೋದು ಅಕ್ಷರದಲ್ಲಿ. ಇಲ್ಲಿ ಓಡ್ತಿರೋದು τ, t ಅಲ್ಲ. t ಅನ್ನೋದು ಇಂಟಿಗ್ರೇಷನ್ ಮುಗಿಯೋವರೆಗೂ ಕಂಬದ ಥರ ನಿಂತಿರತ್ತೆ. ನಮ್ಮ ಪ್ರಶ್ನೆ ಕೇಳಿ, ಎಲ್ಲಿ ನಿಂತಿದೀಯಪ್ಪಾ? t − τ = 0, ಅಂದ್ರೆ τ = tಯಲ್ಲಿ. ಅಲ್ಲಿನ ವ್ಯಾಲ್ಯೂ x(t). ಉತ್ತರ ನಂಬರ್ ಬದಲು tಯ ಫಂಕ್ಷನ್ ಬಂತಲ್ಲ ಅಂತ ಗಾಬರಿ ಬೇಡ, ನೀವು t ಬದಲಾಯಿಸಿದ ಹಾಗೆ ಜರಡಿಯ ತೂತು ಜೊತೇಲೇ ನಡೀತಿದೆ, ಪ್ರತೀ ಸಲ ಆ ಜಾಗದ ವ್ಯಾಲ್ಯೂ ಎತ್ತಿ ಕೊಡ್ತಿದೆ.

ನೋಡೋಕೆ x ಕೊಟ್ಟು x ತಗೊಂಡ ಹಾಗಿದೆ, ಸುತ್ತಿ ಬಳಸಿ ಅಲ್ಲಿಗೇ ಬಂದ್ವಲ್ಲ ಅನ್ಸತ್ತೆ. ಆದ್ರೆ ಇದನ್ನ ಹೀಗೆ ಓದಿ: ಯಾವ್ದೇ ಸಿಗ್ನಲ್ಲನ್ನ ಸಣ್ಣ ಸಣ್ಣ ಇಂಪಲ್ಸುಗಳ ಸಾಲು ಅಂತ ಬಿಡಿಸ್ಬಹುದು, τ ಜಾಗದಲ್ಲಿರೋ ಇಂಪಲ್ಸಿನ ಏರಿಯಾ x(τ)dτ. ಈಗ ಸಿಸ್ಟಮ್ಮು ಲೀನಿಯರ್, ಟೈಮ್ ಇನ್ವೇರಿಯಂಟ್ ಆಗಿದ್ರೆ ಒಂದು ಇಂಪಲ್ಸಿಗೆ ಅದು ಏನು ಮಾಡತ್ತೆ ಅಂತ ಗೊತ್ತಿದ್ರೆ ಸಾಕು, ಅದೇ h(t). τ ಜಾಗದ ಇಂಪಲ್ಸಿಗೆ h(t − τ), ಎಲ್ಲಾ ಕೂಡಿದ್ರೆ ಔಟ್‌ಪುಟ್ y(t) = ∫ x(τ) h(t − τ) dτ. ಕನ್ವಲ್ಯೂಷನ್ ಅಂತ ಹೆದರಿಸ್ತಾರಲ್ಲ, ಅದು ಇಷ್ಟೇ.

ಇದನ್ನ ಕೈಯಲ್ಲಿ ಮುಟ್ಟಿ ನೋಡೋ ಹಾಗೆ ಒಂದು RC ಸರ್ಕ್ಯೂಟ್ ತಗೊಳ್ಳೋಣ. 1 ಕಿಲೋ ಓಮ್ ರೆಸಿಸ್ಟರ್, 1 ಮೈಕ್ರೋಫ್ಯಾರಡ್ ಕೆಪಾಸಿಟರ್, ಔಟ್‌ಪುಟ್ ಕೆಪಾಸಿಟರ್ ಮೇಲೆ. RC = 1 ಮಿಲಿಸೆಕೆಂಡ್. ಇದರ h(t) = 1000·e^(−1000t), t ಸೊನ್ನೆಗಿಂತ ಜಾಸ್ತಿ ಇದ್ದಾಗ. ಲ್ಯಾಬಲ್ಲಿ ಅಸಲಿ ಇಂಪಲ್ಸ್ ಎಲ್ಲಿಂದ ತರೋದು? ಫಂಕ್ಷನ್ ಜನರೇಟರಿಂದ 10 ವೋಲ್ಟಿನ, 10 ಮೈಕ್ರೋಸೆಕೆಂಡ್ ಅಗಲದ ಒಂದು ಪಲ್ಸ್ ಬಿಡಿ. ಅದರ ಏರಿಯಾ 10⁻⁴ ವೋಲ್ಟ್ ಸೆಕೆಂಡ್.

ಕನ್ವಲ್ಯೂಷನ್ ಇಂಟಿಗ್ರಲ್ಲಲ್ಲಿ ಈ ಪಲ್ಸನ್ನ 10⁻⁴·δ(τ) ಅನ್ಕೊಳ್ಳಿ. ಸಿಫ್ಟಿಂಗ್ ಪ್ರಕಾರ ಅದು τ = 0ರಲ್ಲಿ h(t − τ)ನ ವ್ಯಾಲ್ಯೂ ಎತ್ತತ್ತೆ, ಅಂದ್ರೆ y(t) = 10⁻⁴·h(t). t = 1 ಮಿಲಿಸೆಕೆಂಡಲ್ಲಿ h ಸುಮಾರು 367.9, ಹಾಗಾಗಿ ಔಟ್‌ಪುಟ್ 36.8 ಮಿಲಿವೋಲ್ಟ್. ಪಲ್ಸನ್ನ ಪಲ್ಸಾಗೇ ಇಟ್ಕೊಂಡು ಪೂರ್ತಿ ಇಂಟಿಗ್ರೇಟ್ ಮಾಡಿದ್ರೆ 36.97 ಮಿಲಿವೋಲ್ಟ್. ಅರ್ಧ ಪರ್ಸೆಂಟ್ ವ್ಯತ್ಯಾಸ, ಸ್ಕೋಪಿನ ಗೆರೆ ದಪ್ಪದಲ್ಲೇ ಮುಚ್ಚಿಹೋಗತ್ತೆ. ಯಾಕಂದ್ರೆ 10 ಮೈಕ್ರೋಸೆಕೆಂಡಿನ ಕಿಟಕೀಲಿ h ಬದಲಾಗೋದೇ 1 ಪರ್ಸೆಂಟ್. ಸರಾಸರಿ ತಗೊಂಡ್ರೂ ಒಂದೇ, ಒಂದು ವ್ಯಾಲ್ಯೂ ತಗೊಂಡ್ರೂ ಒಂದೇ.

ಈಗ ಅದೇ ಪಲ್ಸನ್ನ 1 ಮಿಲಿಸೆಕೆಂಡ್ ಅಗಲ ಮಾಡಿ. ಏರಿಯಾ 0.01 ವೋಲ್ಟ್ ಸೆಕೆಂಡ್. t = 2 ಮಿಲಿಸೆಕೆಂಡಲ್ಲಿ ನೋಡೋಣ. ಇಂಪಲ್ಸ್ ಅಂತ ಲೆಕ್ಕ ಹಾಕಿದ್ರೆ 1.353 ವೋಲ್ಟ್. ನಿಜವಾಗಿ ಬರೋದು 2.325 ವೋಲ್ಟ್. ಲೆಕ್ಕ ಪೂರಾ ಕೈಕೊಟ್ತು. ಕಿಟಕಿ ಈಗ RCಯಷ್ಟೇ ಅಗಲ ಇದೆ, ಒಳಗೆ h ಬದಲಾಗೋದು ಚೂರುಪಾರಲ್ಲ, e ಪಟ್ಟು. ಅಂದ್ರೆ ಒಂದು ಪಲ್ಸನ್ನ ಇಂಪಲ್ಸ್ ಅನ್ಬಹುದಾ ಅನ್ನೋದು ಪಲ್ಸನ್ನ ಮಾತ್ರ ನೋಡಿ ಹೇಳೋಕಾಗಲ್ಲ, ಅದರ ಪಕ್ಕದಲ್ಲಿ ಗುಣಿಸ್ಕೊಂಡು ನಿಂತಿರೋದು ಎಷ್ಟು ಬೇಗ ಬದಲಾಗತ್ತೆ ಅನ್ನೋದನ್ನೂ ನೋಡ್ಬೇಕು. ಲ್ಯಾಬಲ್ಲಿ ಕಂಡುಹಿಡಿಯೋ ಸುಲಭ ದಾರಿ ಅಂದ್ರೆ ಪಲ್ಸಿನ ಅಗಲ ಅರ್ಧ ಮಾಡಿ, ಎತ್ತರ ಎರಡರಷ್ಟು ಮಾಡಿ. ಏರಿಯಾ ಅಷ್ಟೇ ಇರತ್ತೆ. ಔಟ್‌ಪುಟ್ ಅಲುಗಾಡ್ಲಿಲ್ಲಾ ಅಂದ್ರೆ ಇಂಪಲ್ಸ್ ಅಂತ ಧೈರ್ಯವಾಗಿ ಹೇಳ್ಬಹುದು, ಅಲುಗಾಡಿದ್ರೆ ಇನ್ನೂ ಅಗಲ ಜಾಸ್ತಿ ಇದೆ.

ಇಷ್ಟು ಹೇಳಿ ಮಲಗೋಣ ಅನ್ಕೊಂಡೆ, ಹುಡುಗ ಬಿಡ್ಲಿಲ್ಲ. "ಮಾಮ, ನೀವು ಇಂಪಲ್ಸನ್ನ t = 0ರಲ್ಲಿ ಇಟ್ರಿ. ಆದ್ರೆ ಪಲ್ಸ್ ಇರೋದು 0ಯಿಂದ 1 ಮಿಲಿಸೆಕೆಂಡವರೆಗೆ. ಮೊದಲು ಬಲಕ್ಕೆ ನಿಲ್ಸಿದ ಪಲ್ಸ್ ನಿಧಾನಕ್ಕೆ ಬರತ್ತೆ ಅಂದ್ರಲ್ಲ, ಅದೇ ಅಲ್ವಾ ಇದು? ನಡುವೆ ಇಟ್ರೆ?"

ಲೈನಲ್ಲೇ ಇರು ಅಂತ ಹೇಳಿ ಕ್ಯಾಲ್ಕುಲೇಟರ್ ತಗೊಂಡೆ. ಇಂಪಲ್ಸನ್ನ 0.5 ಮಿಲಿಸೆಕೆಂಡಲ್ಲಿ ನಿಲ್ಸಿದ್ರೆ ಸಿಫ್ಟಿಂಗ್ ಎತ್ತೋದು h(1.5 ಮಿಲಿಸೆಕೆಂಡ್), ಅದು ಸುಮಾರು 223.1, ಇಂಟು 0.01, ಅಂದ್ರೆ 2.231 ವೋಲ್ಟ್. ನಿಜವಾದ 2.325ಕ್ಕೆ 4 ಪರ್ಸೆಂಟ್ ಹತ್ರ ಬಂತು, ಅದೂ RCಯಷ್ಟೇ ಅಗಲದ ದಪ್ಪ ಪಲ್ಸಿಗೆ. 10 ಮೈಕ್ರೋಸೆಕೆಂಡಿನದನ್ನೂ ಹಾಗೇ ನಡುವೆ ಇಟ್ಟು ಮಾಡಿದ್ವಿ, 36.97 ಮಿಲಿವೋಲ್ಟ್, ಪೂರ್ತಿ ಇಂಟಿಗ್ರೇಟ್ ಮಾಡಿದಾಗ ಬಂದಿದ್ದ ಅದೇ ನಂಬರ್.

"ಹಾಗಾದ್ರೆ ಲ್ಯಾಬ್ ರೆಕಾರ್ಡಲ್ಲಿ ನಡುವೆ ಅಂತಾನೇ ಬರೀಲಾ?" ಅಂದ. ಬರಿ ಅಂದೆ, ಟೈಮು ಎಲ್ಲಿಂದ ಅಳೆದೆ ಅನ್ನೋದನ್ನೂ ಪಕ್ಕದಲ್ಲಿ ಬರಿ.